ಉತ್ತರ ಸರಿ, ಕಾರಣ ತಪ್ಪು

ಸಮಾಂತರ ರೇಖೆಗಳು ಮತ್ತು ಛೇದಕದ ಪಾಠ ಮುಗಿದ ಮೇಲೆ ಮಕ್ಕಳಿಗೆ ಕೊಡುವ ಅಭ್ಯಾಸ ಹಾಳೆಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ನಾನಿಲ್ಲಿ ಪರಿಶೀಲಿಸುತ್ತಿರುವುದು ಒಂಬತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಬಿಡಿಸಿ, ಶಿಕ್ಷಕರು ತಿದ್ದಿ ಮರಳಿಸಿದ ಅಂಥದೊಂದು ಹಾಳೆ. ಪ್ರತಿ ಪ್ರಶ್ನೆಯ ಎದುರಿಗೂ ‘ಉತ್ತರ’ ಮತ್ತು ‘ಕಾರಣ’ ಎಂಬ ಎರಡು ಅಂಕಣಗಳಿವೆ. ಕೆಂಪು ಶಾಯಿಯ ಗುರುತುಗಳೆಲ್ಲ ಮೊದಲನೆಯ ಅಂಕಣದಲ್ಲೇ ಬಿದ್ದಿವೆ. ಎರಡನೆಯದನ್ನು ಯಾರೂ ಓದಿದಂತಿಲ್ಲ. ಆದರೆ ಈ ಹುಡುಗಿಗೆ ಏನು ತಿಳಿದಿದೆ, ಏನು ತಿಳಿದಿಲ್ಲ ಎಂಬುದು ಇರುವುದು ಆ ಎರಡನೆಯ ಅಂಕಣದಲ್ಲಿ.

ಮೊದಲ ಚಿತ್ರ ಎಲ್ಲರಿಗೂ ಪರಿಚಿತ. AB ∥ CD, ಎರಡನ್ನೂ ಬಲಕ್ಕೆ ವಾಲಿದ ಛೇದಕವೊಂದು ಕತ್ತರಿಸುತ್ತದೆ. ಮೇಲಿನ ಛೇದನ ಬಿಂದುವಿನಲ್ಲಿ ∠1 ಎಡ ಮೇಲೆ, ∠2 ಬಲ ಮೇಲೆ, ∠3 ಎಡ ಕೆಳಗೆ, ∠4 ಬಲ ಕೆಳಗೆ. ಕೆಳಗಿನ ಬಿಂದುವಿನಲ್ಲಿ ಅದೇ ಕ್ರಮದಲ್ಲಿ ∠5ರಿಂದ ∠8ರವರೆಗೆ. ∠2 = 65° ಎಂದು ಕೊಟ್ಟು ಉಳಿದವನ್ನು ಕೇಳಿದ್ದಾರೆ. ಹುಡುಗಿ ∠6 = 65° ಎಂದು ಬರೆದು ಕಾರಣ ‘ಪರ್ಯಾಯ ಕೋನ’ ಎಂದಿದ್ದಾಳೆ. ∠7 = 65°, ಕಾರಣ ‘ಅನುರೂಪ ಕೋನ’. ಎರಡಕ್ಕೂ ಸರಿ ಗುರುತು ಬಿದ್ದಿದೆ. ಅಳತೆಗಳು ಸರಿ, ಹೆಸರುಗಳು ಅದಲುಬದಲು. ∠2 ಮತ್ತು ∠6 ಛೇದಕದ ಒಂದೇ ಬದಿಯಲ್ಲಿ, ತಮ್ಮ ತಮ್ಮ ರೇಖೆಯ ಮೇಲ್ಭಾಗದಲ್ಲಿ ಕುಳಿತಿವೆ. ಆದ್ದರಿಂದ ಅವು ಅನುರೂಪ. ∠2 ಮತ್ತು ∠7 ಎರಡೂ ಹೊರಗಿನವು, ಛೇದಕದ ಎದುರುಬದುರು ಬದಿಯವು. ಆದ್ದರಿಂದ ಅವು ಪರ್ಯಾಯ ಬಾಹ್ಯ ಕೋನಗಳು.

ಇಂಥ ತಪ್ಪು ಕಣ್ತಪ್ಪಿಸಿಕೊಳ್ಳಲು ಚಿತ್ರವೇ ದಾರಿ ಮಾಡಿಕೊಟ್ಟಿದೆ. ಈ ಎಂಟು ಕೋನಗಳಲ್ಲಿ ಇರುವುದು ಎರಡೇ ಅಳತೆ, 65° ಮತ್ತು 115°. ಲಘುವಾಗಿ ಕಂಡದ್ದಕ್ಕೆ 65, ವಿಶಾಲವಾಗಿ ಕಂಡದ್ದಕ್ಕೆ 115 ಎಂದು ಬರೆಯುತ್ತ ಹೋದರೆ ಒಂದು ಹೆಸರೂ ಗೊತ್ತಿಲ್ಲದವರಿಗೂ ಪೂರ್ಣ ಅಂಕ ಬರುತ್ತದೆ. ಛೇದಕ ಲಂಬವಾಗಿದ್ದರಂತೂ ಎಂಟೂ 90°, ಆಗ ಪರೀಕ್ಷೆಯೇ ಇಲ್ಲ. ಹೆಸರು ತಿಳಿದಿದೆಯೇ ಎಂದು ನೋಡಬೇಕಾದರೆ ಅಳತೆಯನ್ನೇ ಕೊಡದೆ ‘∠4ಕ್ಕೆ ಪರ್ಯಾಯ ಅಂತಃಕೋನ ಯಾವುದು?’ ಎಂದು ಕೇಳಬೇಕಿತ್ತು. ಉತ್ತರ ∠5. ಅದನ್ನು ಕಣ್ಣಳತೆಯಿಂದ ಊಹಿಸಲಾಗದು, ಏಕೆಂದರೆ ∠1, ∠5, ∠8 ಮೂರೂ ∠4ರಷ್ಟೇ ದೊಡ್ಡವು.

ಅದೇ ಪ್ರಶ್ನೆಯಲ್ಲಿ ∠4 + ∠6 = 180° ಎಂಬುದಕ್ಕೆ ಆಕೆ ಕೊಟ್ಟ ಕಾರಣ ‘ಪರಿಪೂರಕ ಕೋನಗಳು’. ಇದು ಸಣ್ಣ ತಪ್ಪಿನಂತೆ ಕಂಡರೂ ನನಗೆ ಮೊದಲಿನದಕ್ಕಿಂತ ಗಂಭೀರವೆನಿಸುತ್ತದೆ. ಪರಿಪೂರಕ ಎಂದರೇ ಮೊತ್ತ 180° ಎಂದು. ಅಂದರೆ ಹೇಳಬೇಕಾದುದನ್ನೇ ಇನ್ನೊಮ್ಮೆ ಹೇಳಿದಂತಾಯಿತು. ಮೊತ್ತ ಹಾಗೇಕೆ ಬಂತು ಎಂಬುದಕ್ಕೆ ಉತ್ತರ, ಅವು ಸಮಾಂತರ ರೇಖೆಗಳ ನಡುವೆ ಛೇದಕದ ಒಂದೇ ಬದಿಯ ಅಂತಃಕೋನಗಳು ಎಂಬುದು. ∠3 ಮತ್ತು ∠4 ಕೂಡ ಪರಿಪೂರಕವೇ, ಆದರೆ ಅದಕ್ಕೆ ಕಾರಣ ಸರಳಯುಗ್ಮ. ಅಲ್ಲಿ ಸಮಾಂತರ ರೇಖೆಗಳ ಅಗತ್ಯವೇ ಇಲ್ಲ.

ಹಾಳೆಯಲ್ಲಿ ನಿಜಕ್ಕೂ ಚೆನ್ನಾದ ಪ್ರಶ್ನೆ ಮೂರನೆಯದು. ಅಲ್ಲಿ ಎರಡು ರೇಖೆಗಳು ಸಮಾಂತರವಲ್ಲ. ಒಂದೇ ಸ್ಥಾನದ ಎರಡು ಕೋನಗಳು 70° ಮತ್ತು 75°. ‘ಇವು ಅನುರೂಪ ಕೋನಗಳೇ?’ ಎಂದು ಕೇಳಿದೆ. ಹುಡುಗಿ ‘ಅಲ್ಲ, ಸಮವಾಗಿಲ್ಲ’ ಎಂದು ಬರೆದಿದ್ದಾಳೆ, ಶಿಕ್ಷಕರು ಅದನ್ನು ಒಪ್ಪಿದ್ದಾರೆ. ಇಲ್ಲಿ ಇಬ್ಬರೂ ಎಡವಿದ್ದಾರೆ. ಅನುರೂಪ, ಪರ್ಯಾಯ, ಒಂದೇ ಬದಿಯ ಅಂತಃಕೋನ ಎಂಬ ಮೂರೂ ಹೆಸರುಗಳು ಸ್ಥಾನಕ್ಕೆ ಸೇರಿದವು. ಯಾವುದೇ ಎರಡು ರೇಖೆಗಳನ್ನು ಮೂರನೆಯದು ಕತ್ತರಿಸಿದರೂ ಆ ಜೋಡಿಗಳು ಹುಟ್ಟುತ್ತವೆ. ರೇಖೆಗಳು ಸಮಾಂತರವಾದಾಗ ಮಾತ್ರ ಅನುರೂಪಗಳೂ ಪರ್ಯಾಯಗಳೂ ಸಮವಾಗುತ್ತವೆ, ಒಂದೇ ಬದಿಯ ಅಂತಃಕೋನಗಳ ಮೊತ್ತ 180° ಆಗುತ್ತದೆ. ಈ ಗೊಂದಲಕ್ಕೆ ಬೀಜ ಹಾಳೆಯ ಮೇಲಂಚಿನಲ್ಲೇ ಇದೆ. ಚೌಕಟ್ಟು ಹಾಕಿ ‘ಅನುರೂಪ ಕೋನಗಳು ಸಮ’ ಎಂದು ಷರತ್ತಿಲ್ಲದೆ ಅಚ್ಚು ಹಾಕಿದ್ದಾರೆ. ಅದನ್ನು ನಂಬಿದ ಮಗು 70, 75 ಕಂಡಾಗ ಬೇರೇನು ಬರೆದೀತು?

ಐದನೆಯ ಪ್ರಶ್ನೆ l ಮತ್ತು m ಸಮಾಂತರವೇ ಎಂದು ಕೇಳುತ್ತದೆ. ಕೊಟ್ಟ ಅಂತಃಕೋನಗಳು 108° ಮತ್ತು 72°, ಎರಡೂ ಛೇದಕದ ಒಂದೇ ಬದಿಯವು. ಹುಡುಗಿಯ ಉತ್ತರ: ‘ಹೌದು, ಸಮಾಂತರ ರೇಖೆಗಳಲ್ಲಿ ಒಂದೇ ಬದಿಯ ಅಂತಃಕೋನಗಳ ಮೊತ್ತ 180°.’ ಹೆಸರು ಸರಿ, ಕೂಡಿಕೆ ಸರಿ, ವಾದ ತಲೆಕೆಳಗು. ಸಾಧಿಸಬೇಕಾದುದನ್ನೇ ಮೊದಲು ಒಪ್ಪಿಕೊಂಡಾಗಿದೆ. ಇಲ್ಲಿ ಬೇಕಾದುದು ವಿಲೋಮ: ಮೊತ್ತ 180° ಆದರೆ ರೇಖೆಗಳು ಸಮಾಂತರ. ಯೂಕ್ಲಿಡ್ ಇವನ್ನು ಬೆರೆಸಲಿಲ್ಲ. ‘ಎಲಿಮೆಂಟ್ಸ್’ ಮೊದಲ ಪುಸ್ತಕದ 27 ಮತ್ತು 28ನೇ ಪ್ರಮೇಯಗಳಲ್ಲಿ ಕೋನಗಳಿಂದ ಸಮಾಂತರತೆಗೆ ಹೋದ. 29ರಲ್ಲಿ ಸಮಾಂತರತೆಯಿಂದ ಕೋನಗಳಿಗೆ ಬಂದ. ಈ ಎರಡನೆಯ ದಿಕ್ಕಿಗೆ ಅವನಿಗೆ ಐದನೇ ಆಧಾರ ಪ್ರತಿಜ್ಞೆ ಬೇಕಾಯಿತು. ಅಲ್ಲಿಯವರೆಗೆ ಅದನ್ನು ಅವನು ಮುಟ್ಟಿಯೇ ಇರಲಿಲ್ಲ. ಆ ಪ್ರತಿಜ್ಞೆಯ ಮಾತೇ ಒಂದೇ ಬದಿಯ ಅಂತಃಕೋನಗಳ ಕುರಿತದ್ದು: ಅವುಗಳ ಮೊತ್ತ ಎರಡು ಲಂಬಕೋನಕ್ಕಿಂತ ಕಡಿಮೆಯಾದರೆ ರೇಖೆಗಳು ಆ ಬದಿಯಲ್ಲಿ ಕೂಡುತ್ತವೆ. ಎರಡು ದಿಕ್ಕುಗಳ ನಡುವೆ ಇಷ್ಟು ಅಂತರವಿರುವಾಗ ಅವನ್ನು ಒಂದೇ ವಾಕ್ಯವೆಂದು ಬಿಡಲಾಗದು. ಹಾಳೆಯ ಚಿತ್ರದಲ್ಲಿ l, m ಮೇಲೆ ಸಮಾಂತರದ ಬಾಣದ ಗುರುತುಗಳನ್ನೂ ಹಾಕಿಟ್ಟಿದ್ದಾರೆ. ಉತ್ತರವನ್ನು ಚಿತ್ರದಲ್ಲೇ ಬರೆದು ಪ್ರಶ್ನೆ ಕೇಳಿದಂತಾಗಿದೆ.

ಕೊನೆಯ ಪ್ರಶ್ನೆಯಲ್ಲಿ AB ∥ CD, ನಡುವೆ ಬಿಂದು E. A ಮತ್ತು C ಎಡಕ್ಕೆ, B ಮತ್ತು D ಬಲಕ್ಕೆ, E ಅವೆರಡರಿಂದ ಎಡಕ್ಕೆ ಸರಿದಿದೆ. ∠ABE = 35°, ∠CDE = 50°, ∠BED ಎಷ್ಟು? ಹುಡುಗಿ 35° ಎಂದು ಬರೆದು ‘ಪರ್ಯಾಯ ಕೋನ’ ಎಂದಿದ್ದಾಳೆ. ತರಗತಿಯಲ್ಲಿ ಕಲಿಸುವ ಜೆಡ್ ಆಕಾರವನ್ನು ಆಕೆ ಹುಡುಕಿದ್ದು, ಅದು ಸಿಕ್ಕಿದ್ದೂ ನಿಜ. ABED ಎಂಬ ಜೆಡ್ ಅಲ್ಲಿದೆ. BE ಛೇದಕವೆಂದು ಹಿಡಿದರೆ ∠ABE, ∠BED ಸ್ಥಾನದಲ್ಲಿ ಪರ್ಯಾಯವೇ. ಆದರೆ ಅವು AB ಮತ್ತು ED ರೇಖೆಗಳ ನಡುವಿನ ಪರ್ಯಾಯಗಳು, ಸಮಾಂತರವಾಗಿರುವುದು AB ಮತ್ತು CD. ಹೆಸರಿಟ್ಟದ್ದು ಸರಿ, ಬಳಸಿದ್ದು ತಪ್ಪು. ಇದೇ ವಾದವನ್ನು D ಕಡೆಯಿಂದ ಹೂಡಿದ್ದರೆ ಅದೇ ಕೋನ 50° ಆಗುತ್ತಿತ್ತು. ಆ ವಿರೋಧವನ್ನು ತೋರಿಸಿದ್ದರೆ ಆಕೆಯೇ ತಪ್ಪನ್ನು ಹಿಡಿಯುತ್ತಿದ್ದಳು. ಶಿಕ್ಷಕರು ಇಲ್ಲಿ ತಪ್ಪು ಗುರುತು ಹಾಕಿ 85° ಎಂದಷ್ಟೇ ಬರೆದಿದ್ದಾರೆ.

85° ಬರುವುದು ಹೀಗೆ. E ಮೂಲಕ ಬಲಕ್ಕೆ AB ಗೆ ಸಮಾಂತರವಾಗಿ EF ಎಳೆಯಬೇಕು. ಒಂದೇ ರೇಖೆಗೆ ಸಮಾಂತರವಾದವು ಪರಸ್ಪರ ಸಮಾಂತರ, ಆದ್ದರಿಂದ EF ∥ CD ಕೂಡ. ಛೇದಕ BE ಆದಾಗ AB ∥ EF, ∠BEF = 35°, ಪರ್ಯಾಯ. ಛೇದಕ DE ಆದಾಗ CD ∥ EF, ∠FED = 50°, ಪರ್ಯಾಯ. ಕೂಡಿದರೆ 85°. ಇಲ್ಲಿ ಪ್ರತಿ ಸಾಲಿನಲ್ಲೂ ಮೂರು ಸಂಗತಿ ಇವೆ: ಯಾವ ಎರಡು ರೇಖೆ ಸಮಾಂತರ, ಅವನ್ನು ಕತ್ತರಿಸಿದ್ದು ಯಾವುದು, ಕೋನಗಳು ಯಾವ ಜೋಡಿ. ಹಾಳೆಯ ‘ಕಾರಣ’ ಅಂಕಣ ಒಂದು ಪದ ಹಿಡಿಸುವಷ್ಟೇ ಅಗಲವಿದೆ. ಅದನ್ನು ಈ ಮೂರಕ್ಕೂ ಜಾಗ ಸಿಗುವಂತೆ ಅಗಲಿಸಿ, ‘ಛೇದಕ BE, AB ∥ ED’ ಎಂದು ಆಕೆ ತನ್ನ ಕೈಯಾರೆ ಬರೆಯಬೇಕಾಗಿ ಬಂದಿದ್ದರೆ, 35° ಬರೆಯುವ ಮೊದಲೇ ಪೆನ್ನು ನಿಲ್ಲುವ ಸಾಧ್ಯತೆ ಇತ್ತು.