ಒತ್ತಿನ ಕಾಲು, ಗುಡಿಸಿನ ತಲೆ

ನನ್ನ ಸೋದರಮಾವ ಬರೆದ ಒಂದು ಪೋಸ್ಟ್‌ಕಾರ್ಡ್ ಈ ವಾರವೆಲ್ಲ ನನ್ನ ಮೇಜಿನ ಮೇಲಿತ್ತು. ಕಾರ್ಡಿನ ಮೇಲರ್ಧದಲ್ಲಿ ಸಾಲುಗಳು ಧಾರಾಳವಾಗಿವೆ. ಹೇಳುವುದು ಇನ್ನೂ ಉಳಿದು ಜಾಗ ಮುಗಿಯುತ್ತಾ ಬಂದಂತೆ ಕೆಳಗಿನ ಸಾಲುಗಳು ಒಂದರ ಮೇಲೊಂದು ಒತ್ತಿಕೊಂಡಿವೆ. ನಮ್ಮ ಹಿರಿಯರ ಕಾರ್ಡುಗಳೆಲ್ಲ ಹೆಚ್ಚುಕಡಿಮೆ ಹೀಗೇ.

ಕಂಪ್ಯೂಟರಿನಿಂದ ಕೈಬರಹ ಓದಿಸಬೇಕೆಂದರೆ ಸಾಮಾನ್ಯವಾಗಿ ಮೊದಲು ಸಾಲುಗಳನ್ನು ಬೇರೆಬೇರೆಯಾಗಿ ಕತ್ತರಿಸಿಕೊಳ್ಳಬೇಕು. ಎಲ್ಲರೂ ಮೊದಲು ಹಿಡಿಯುವ ದಾರಿ ಸುಲಭದ್ದು. ಚಿತ್ರದ ಒಂದೊಂದು ಅಡ್ಡಗೆರೆಯಲ್ಲೂ ಮಸಿಯ ಚುಕ್ಕಿ ಎಷ್ಟಿವೆ ಎಂದು ಎಣಿಸುವುದು. ಅಕ್ಷರಗಳಿದ್ದಲ್ಲಿ ಎಣಿಕೆ ಗುಡ್ಡದಂತೆ ಏರುತ್ತದೆ, ಖಾಲಿ ಇದ್ದಲ್ಲಿ ಕಣಿವೆಯಂತೆ ಇಳಿಯುತ್ತದೆ. ಆ ಕಣಿವೆಯಲ್ಲಿ ಕತ್ತರಿ ಹಾಕಿದರಾಯಿತು. ಹಿಂದಿ ಬರಹದಲ್ಲಿ ಶಿರೋರೇಖೆ ಒಂದು ಎತ್ತರದ ಶಿಖರವನ್ನೇ ಎಬ್ಬಿಸಿಕೊಡುತ್ತದೆ. ನಮ್ಮ ತಲಕಟ್ಟು ಅಕ್ಷರಕ್ಕೊಂದರಂತೆ ಬಿಡಿಬಿಡಿ, ಅಂಥ ಗುರುತು ಅದರಿಂದ ಸಿಗುವುದಿಲ್ಲ.

ಮಾವನ ಕಾರ್ಡಿನಲ್ಲಿ ಈ ಲೆಕ್ಕ ಎರಡು ಬಗೆಯಲ್ಲಿ ಕೆಟ್ಟಿತು. ಮೇಲಿನ ಬಿಡಿ ಸಾಲುಗಳಲ್ಲಿ ಒತ್ತಕ್ಷರಗಳೆಲ್ಲ ಒಡಲಿನಿಂದ ಸ್ವಲ್ಪ ಕೆಳಗೆ ನಿಂತು ತಮ್ಮದೇ ಪುಟ್ಟ ಗುಡ್ಡ ಕಟ್ಟಿಕೊಂಡಿದ್ದವು. ಬರೆದದ್ದು ಮೂರು ಸಾಲು, ಕತ್ತರಿಸಿ ಬಂದದ್ದು ಐದು ಪಟ್ಟಿ. ಎರಡು ಪಟ್ಟಿಗಳಲ್ಲಿ ಬರೀ ಒತ್ತುಗಳು! ಕೆಳಗರ್ಧದಲ್ಲಿ ಇದರ ತದ್ವಿರುದ್ಧ: ಎರಡು ಸಾಲು ಅಂಟಿ ಒಂದೇ ಆಗಿತ್ತು.

ಅಳತೆಪಟ್ಟಿ ಹಿಡಿದರೆ ಕಾರಣ ಕಣ್ಣಿಗೆ ಬೀಳುತ್ತದೆ. ಅಲ್ಲಿ ಸಾಲಿನಿಂದ ಸಾಲಿಗೆ 6 ಮಿಲಿಮೀಟರ್. ಅಕ್ಷರದ ಒಡಲಿಗೆ ಎರಡೂವರೆ ಹೋದರೆ ಉಳಿಯುವುದು ಮೂರೂವರೆ. ಮೇಲಿನ ಸಾಲಿನ ಒತ್ತು 2 ಮಿಲಿಮೀಟರ್ ಇಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಒಂದೂವರೆಯಿಂದ ಎರಡು ಏರುತ್ತದೆ. ಒಂದರ ನೇರಕ್ಕೆ ಇನ್ನೊಂದು ಬಂದಲ್ಲೆಲ್ಲ ಮುಟ್ಟದೆ ಗತಿಯಿಲ್ಲ. ಮಾವನದು ಮಸಿಪೆನ್ನು, ಕಾರ್ಡಿನ ಕಾಗದ ಮಸಿ ಹೀರಿ ಹರಡುವಂಥದ್ದು. ಕೂದಲೆಳೆಯಷ್ಟು ಸಂದು ಎಲ್ಲಾದರೂ ಉಳಿದಿದ್ದರೂ ಅದು ತುಂಬಿಹೋಗಿದೆ.

ಮುಟ್ಟಿದ್ದರಿಂದ ಏನಾಯಿತೆಂದು ಒಂದೇ ಜಾಗದಲ್ಲಿ ತೋರಿಸುತ್ತೇನೆ. ಮೇಲಿನ ಸಾಲಿನಲ್ಲಿ ‘ಮಗ್ಗ ಮನೆಗೆ ಬಂತು’ ಎಂದಿದೆ. ‘ಗ್ಗ’ದ ಸರಿ ಕೆಳಗೆ ಮುಂದಿನ ಸಾಲಿನ ‘ಕೂಲಿ’. ಗಕಾರದ ಒತ್ತಿನ ಬಲಗಾಲು ಇಳಿದು ‘ಲಿ’ಯ ಗುಡಿಸಿನ ನೆತ್ತಿಗೆ ಊರಿದೆ. ನಡುವೆ ನೇರ ಗೆರೆ ಎಳೆದು ಕತ್ತರಿಸಿದಾಗ ಒತ್ತು ಕೆಳಗಿನವರ ಪಾಲಾಯಿತು. ಮೇಲೆ ‘ಮಗ ಮನೆಗೆ ಬಂತು’ ಎಂದುಳಿಯಿತು, ಕೆಳಗೆ ‘ಲಿ’ ತಲೆಯ ಮೇಲೊಂದು ಕಮಾನು ಹೊತ್ತು ಯಾವ ಅಕ್ಷರವೂ ಅಲ್ಲದಂತಾಯಿತು. ಮಗನಾದರೆ ‘ಬಂದ’ ಎನ್ನಬೇಕಿತ್ತು, ಹಾಗಾಗಿ ನಾನು ಅನುಮಾನಪಟ್ಟೆ. ‘ಕತ್ತೆ ಬಂತು’ ಎನ್ನುವುದು ‘ಕತೆ ಬಂತು’ ಎಂದಾಗಿದ್ದರೆ ವ್ಯಾಕರಣವೂ ಕೈಹಿಡಿಯುತ್ತಿರಲಿಲ್ಲ.

ಆದ್ದರಿಂದ ನಾನೀಗ ಖಾಲಿ ಜಾಗ ಹುಡುಕುವುದನ್ನೇ ಬಿಟ್ಟಿದ್ದೇನೆ. ಸಾಲುಗಳ ಒಡಲನ್ನು ಮೊದಲು ಗುರುತಿಸುತ್ತೇನೆ. ಕೈಬರಹದ ಸಾಲು ಬಲಕ್ಕೆ ಹೋಗುತ್ತಾ ಮೇಲೇರುವುದುಂಟು, ಅದಕ್ಕೆ ಕಾರ್ಡನ್ನು ಉದ್ದುದ್ದ ಐದಾರು ಪಟ್ಟಿಗಳಾಗಿ ನೋಡಿ ಒಂದೊಂದರಲ್ಲೂ ಮಸಿ ದಟ್ಟವಾಗಿರುವ ಎತ್ತರವನ್ನು ಹಿಡಿದು ಕೂಡಿಸಬೇಕು. ಆಮೇಲೆ ಪರಸ್ಪರ ಅಂಟಿಕೊಂಡ ಮಸಿಯನ್ನು ಒಂದು ತುಂಡೆಂದು ಎಣಿಸಿ, ಒಂದೊಂದು ತುಂಡೂ ಯಾವ ಒಡಲಿಗೆ ಸೇರಿದ್ದೆಂದು ಕೇಳಬೇಕು. ಒಂದೇ ಒಡಲನ್ನು ಮುಟ್ಟುವ ತುಂಡಿನದು ತಕರಾರಿಲ್ಲ. ಯಾವ ಒಡಲನ್ನೂ ಮುಟ್ಟದ ಒತ್ತು ಸಾಮಾನ್ಯವಾಗಿ ಮೇಲಿನದರದು. ಎರಡು ಒಡಲುಗಳಿಗೂ ಚಾಚಿಕೊಂಡದ್ದೇ ಕಳ್ಳ. ‘ಗ್ಗ’ ಮತ್ತು ‘ಲಿ’ ಸೇರಿದ ತುಂಡಿನ ಎತ್ತರ ಉಳಿದವುಗಳ ಎರಡರಷ್ಟಿತ್ತು, ಹಾಗೇ ಅದು ಸಿಕ್ಕಿಬಿದ್ದದ್ದು.

ಅಂಥ ತುಂಡನ್ನು ಕತ್ತರಿಸಬೇಕಾದ್ದು ಅದರ ಕುತ್ತಿಗೆಯಲ್ಲಿ. ಇಂಚಿಗೆ 300 ಚುಕ್ಕಿಯ ಸ್ಕ್ಯಾನಿನಲ್ಲಿ ಒತ್ತಿನ ಕಾಲು 4 ಚುಕ್ಕಿ ದಪ್ಪವಿತ್ತು, ಗುಡಿಸಿಗೆ ತಾಗಿದಲ್ಲಿ ಮಸಿ ಹರಡಿ 9 ಆಗಿತ್ತು. ಆ ಊತ ಶುರುವಾಗುವುದಕ್ಕೆ ತುಸು ಮೇಲೆ ಕತ್ತರಿಸಿದೆ. ಗುಡಿಸಿನ ನೆತ್ತಿ ಕೊಂಚ ದಪ್ಪವಾಗಿ ಉಳಿಯಿತು, ಆದರೆ ‘ಮಗ್ಗ’ಕ್ಕೆ ಅದರ ಒತ್ತು ಮರಳಿತು.

ಎಲ್ಲ ಕಡೆ ಕುತ್ತಿಗೆ ಸಿಗುವುದಿಲ್ಲ. ಕಾರ್ಡಿನ ಕೊನೆಯ ಎರಡು ಸಾಲುಗಳಲ್ಲಿ ‘ಷ್ಟ್ರ’ದ ಜೋಡಿ ಒತ್ತು ಕೆಳಗಿನ ಸಾಲಿನ ಒಡಲೊಳಕ್ಕೇ ಇಳಿದು, ‘ಕೀ’ಯ ಗುಡಿಸನ್ನು ಅಡ್ಡ ಹಾಯ್ದುಹೋಗಿದೆ. ಅಲ್ಲಿ ಹಾಯ್ದ ಜಾಗದ ಮಸಿ ಇಬ್ಬರದೂ ಹೌದು. ಎಲ್ಲಿ ಕತ್ತರಿಸಿದರೂ ಒಂದು ಅಕ್ಷರಕ್ಕೆ ಗಾಯವಾಗುತ್ತದೆ. ಆ ಚುಕ್ಕಿಗಳನ್ನು ಎರಡು ಸಾಲಿನ ಚಿತ್ರಕ್ಕೂ ನಕಲು ಮಾಡಿ, ಉಳಿದ ಗೆರೆಗಳನ್ನು ಪೆನ್ನು ಹೋದ ದಿಕ್ಕು ನೋಡಿ ಕೈಯಿಂದಲೇ ಹಂಚಿದೆ. ಅದೊಂದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು.