ಖಾಲಿ ತಿಂಗಳು ಸೊನ್ನೆಯಲ್ಲ

2020ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಮ್ಮ ದೇಶದ ಚಿಲ್ಲರೆ ಹಣದುಬ್ಬರ ಎಷ್ಟಿತ್ತು ಎಂದು ಆಗ ಯಾರಾದರೂ ಕೇಳಿದ್ದರೆ ಅಧಿಕೃತ ಉತ್ತರವೇ ಇರಲಿಲ್ಲ. ಲಾಕ್‌ಡೌನ್‌ನಿಂದಾಗಿ ಬೆಲೆ ಬರೆದುಕೊಳ್ಳುವ ಸಿಬ್ಬಂದಿ ಅಂಗಡಿ, ಮಾರುಕಟ್ಟೆಗಳಿಗೆ ಹೋಗುವಂತಿರಲಿಲ್ಲ. ಹಾಗಾಗಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಆ ಎರಡು ತಿಂಗಳ ಒಟ್ಟು ಗ್ರಾಹಕ ಬೆಲೆ ಸೂಚ್ಯಂಕವನ್ನು ಆಗ ಪ್ರಕಟಿಸಲಿಲ್ಲ. ಈಗ ಆ ವರ್ಷದ ಮೊದಲ ಆರು ತಿಂಗಳನ್ನು ಎಕ್ಸೆಲ್ ಹಾಳೆಗೆ ಇಳಿಸೋಣ. A ಕಾಲಂನಲ್ಲಿ ತಿಂಗಳು, B ಕಾಲಂನಲ್ಲಿ ಶೇಕಡಾವಾರು ಹಣದುಬ್ಬರ: ಜನವರಿ 7.59, ಫೆಬ್ರುವರಿ 6.58, ಮಾರ್ಚ್ 5.84, ಏಪ್ರಿಲ್ ಖಾಲಿ, ಮೇ ಖಾಲಿ, ಜೂನ್ ಮೊದಲು ಪ್ರಕಟವಾದಂತೆ 6.09. ಈ ಅಂಕಿಗಳನ್ನು ಫಾರ್ಮುಲಾದ ಮೂಲಕ C ಕಾಲಂಗೆ ತಂದು ಲೈನ್ ಚಾರ್ಟ್ ಹಾಕಿದರೆ ಮಾರ್ಚ್ ಆದ ಮೇಲೆ ಗೆರೆ ನೆಲಕ್ಕೆ ಬೀಳುತ್ತದೆ, ಎರಡು ತಿಂಗಳು ಅಲ್ಲೇ ಉಳಿಯುತ್ತದೆ, ಜೂನ್‌ನಲ್ಲಿ ಮತ್ತೆ ಮೇಲೆ ಜಿಗಿಯುತ್ತದೆ. ಹಿಂದಿನ ವರ್ಷದ ಏಪ್ರಿಲ್, ಮೇ ತಿಂಗಳಿಗಿಂತ ಬೆಲೆ ಒಂದಿಷ್ಟೂ ಏರಲಿಲ್ಲ ಎಂದು ಆ ಚಿತ್ರ ಹೇಳುತ್ತದೆ. ಯಾರೂ ಅಳೆಯದ ಸಂಗತಿಯೊಂದು ಹೀಗೆ ಅಳೆದ ಸತ್ಯದ ವೇಷದಲ್ಲಿ ಓದುಗರ ಮುಂದೆ ನಿಲ್ಲುತ್ತದೆ.

ಈ ತಪ್ಪು ಚಿತ್ರದಲ್ಲೇ ನಿಂತುಬಿಡುವುದಿಲ್ಲ. ಗೊತ್ತಿರುವ ನಾಲ್ಕು ತಿಂಗಳ ಸರಾಸರಿ ಸುಮಾರು 6.53. ಖಾಲಿ ಇದ್ದ ಎರಡು ತಿಂಗಳನ್ನು ಸೊನ್ನೆ ಎಂದು ಹಿಡಿದು ಆರರಿಂದ ಭಾಗಿಸಿದರೆ ಅದು 4.35ಕ್ಕೆ ಇಳಿಯುತ್ತದೆ. ರಿಸರ್ವ್ ಬ್ಯಾಂಕಿಗೆ ಗೊತ್ತುಮಾಡಿರುವ ಗುರಿ ಶೇ 4, ಮೇಲ್ಮಿತಿ ಶೇ 6. ಅಂದರೆ ಒಂದು ಲೆಕ್ಕದಲ್ಲಿ ಹಣದುಬ್ಬರ ಮಿತಿ ಮೀರಿದೆ, ಇನ್ನೊಂದು ಲೆಕ್ಕದಲ್ಲಿ ಗುರಿಯ ಹತ್ತಿರ ನೆಮ್ಮದಿಯಾಗಿದೆ. ಎರಡೂ ಒಂದೇ ಹಾಳೆಯಿಂದ ಹೊರಟ ಉತ್ತರಗಳು. ಹೀಗಾದಾಗ ಎಕ್ಸೆಲ್ ಚಾರ್ಟನ್ನು ಕೆಟ್ಟದಾಗಿ ಬರೆಯುತ್ತದೆ ಎಂದು ದೂರುವವರು ಬಹಳ. ನನ್ನ ವಾದ ಬೇರೆ. ಬಹುಪಾಲು ಸಂದರ್ಭಗಳಲ್ಲಿ ಚಾರ್ಟ್ ತನಗೆ ಕೊಟ್ಟದ್ದನ್ನೇ ಬರೆದಿರುತ್ತದೆ. ತಪ್ಪು ಆಗಿರುವುದು ಅದಕ್ಕೂ ಮೊದಲು, ಸೆಲ್‌ನಲ್ಲಿ. ಗೊತ್ತಿಲ್ಲ ಎಂಬುದನ್ನು ಸೆಲ್ ಸ್ಪಷ್ಟವಾಗಿ ಹೇಳುವಂತೆ ಮಾಡಿದರೆ ಚಾರ್ಟ್ ಅದನ್ನು ಪಾಲಿಸುತ್ತದೆ.

ಹಾಳೆಯ ಮೇಲೆ ಖಾಲಿಯಾಗಿ ಕಾಣುವ ಸೆಲ್‌ಗಳಲ್ಲಿ ಮೂರು ಬಗೆಯಿದೆ ಎಂದು ಮೊದಲು ತಿಳಿಯಬೇಕು. ಒಂದು, ನಿಜಕ್ಕೂ ಏನೂ ಇಲ್ಲದ ಸೆಲ್. ಮಾಮೂಲಿ ಲೈನ್ ಚಾರ್ಟ್ ಇಂಥ ಸೆಲ್ ಸಿಕ್ಕಲ್ಲಿ ತಾನಾಗಿಯೇ ಗೆರೆಯನ್ನು ತುಂಡರಿಸಿ ಜಾಗ ಬಿಡುತ್ತದೆ. ಇನ್ನೊಂದು, ಅಕ್ಷರವೇ ಇಲ್ಲದ ಪಠ್ಯ ಕುಳಿತಿರುವ ಸೆಲ್. ಖಾಲಿ ಇದ್ದರೆ ಖಾಲಿಯೇ ತೋರಿಸು ಎಂಬ ಒಳ್ಳೆಯ ಉದ್ದೇಶದಿಂದ ನಮ್ಮಲ್ಲಿ ಹೆಚ್ಚಿನವರು ಬರೆಯುವ ಈ ಫಾರ್ಮುಲಾ ಅದನ್ನೇ ಹುಟ್ಟಿಸುತ್ತದೆ:

```
=IF(B5="","",B5)
```

ಕಣ್ಣಿಗೆ ಇದು ಖಾಲಿ. ಎಕ್ಸೆಲ್‌ನ ಲೆಕ್ಕದಲ್ಲಿ ಇದು ಪಠ್ಯ, ಮತ್ತು ಲೈನ್ ಚಾರ್ಟ್ ಪಠ್ಯವನ್ನು ಸೊನ್ನೆಯ ಜಾಗದಲ್ಲಿ ಗುರುತಿಸುತ್ತದೆ. ಒಳಗೆ ಫಾರ್ಮುಲಾ ಇರುವ ಸೆಲ್ ಎಂದಿಗೂ ನಿಜವಾದ ಖಾಲಿ ಸೆಲ್ ಆಗಲಾರದು ಎಂಬುದೇ ಈ ಗೋಜಲಿನ ಬೇರು. ಮೂರನೆಯದು, ಕಣ್ಣಿಗೆ ಬೀಳದ ನಿಜವಾದ ಸೊನ್ನೆ. ಖಾಲಿ ಸೆಲ್ಲನ್ನು `=B5` ಎಂದು ನೇರವಾಗಿ ತಂದುಕೊಂಡರೂ ಅಥವಾ `XLOOKUP`, `VLOOKUP` ಮೂಲಕ ಹುಡುಕಿ ತಂದರೂ ಬರುವುದು ಸೊನ್ನೆಯೇ. ಆ ಸೊನ್ನೆ ಕಾಣದಿರಲಿ ಎಂದು ನಂಬರ್ ಫಾರ್ಮ್ಯಾಟ್ ಬದಲಿಸಿದರೆ ಹಾಳೆಯಲ್ಲಷ್ಟೇ ಅದು ಮರೆಯಾಗುತ್ತದೆ, ಚಾರ್ಟ್‌ನಲ್ಲಿ ಹಾಗೇ ಉಳಿಯುತ್ತದೆ.

ನಿಮ್ಮ ಹಾಳೆಯಲ್ಲಿರುವುದು ಯಾವ ಬಗೆ ಎಂದು ಕಂಡುಹಿಡಿಯಲು ಕಣ್ಣನ್ನು ನಂಬಬೇಡಿ, ಫಾರ್ಮುಲಾ ಬಾರನ್ನೂ ಪೂರ್ತಿ ನಂಬಬೇಡಿ. ಮೇಲಿನ ಫಾರ್ಮುಲಾ ಇದ್ದ ಸೆಲ್‌ಗಳನ್ನು ಕಾಪಿ ಮಾಡಿ ಬರೀ ಮೌಲ್ಯಗಳನ್ನು ಪೇಸ್ಟ್ ಮಾಡಿದ್ದರೆ, ಬಾರ್ ಪೂರ್ತಿ ಬರಿದಾಗಿ ಕಂಡರೂ ಒಳಗೆ ಆ ಅಕ್ಷರವಿಲ್ಲದ ಪಠ್ಯ ಉಳಿದಿರುತ್ತದೆ. ಪಕ್ಕದ ಸೆಲ್‌ನಲ್ಲಿ ಈ ಮೂರು ಪ್ರಶ್ನೆ ಕೇಳಿ:

```
=ISBLANK(C5)
=ISTEXT(C5)
=ISNUMBER(C5)
```

ಮೊದಲನೆಯದಕ್ಕೆ `TRUE` ಬಂದರೆ ಸೆಲ್ ನಿಜಕ್ಕೂ ಖಾಲಿ. ಎರಡನೆಯದಕ್ಕೆ ಬಂದರೆ ಅಲ್ಲಿರುವುದು ಪಠ್ಯ, ಯಾರೋ ಒತ್ತಿಬಿಟ್ಟ ಒಂದು ಸ್ಪೇಸ್ ಕೂಡ ಆಗಿರಬಹುದು. ಮೂರನೆಯದಕ್ಕೆ ಬಂದರೆ ಅದು ಸೊನ್ನೆ. ಸರಾಸರಿಯೂ ಒಂದು ಸುಳಿವು ಕೊಡುತ್ತದೆ. `AVERAGE` ಸೆಲ್‌ಗಳಲ್ಲಿರುವ ಪಠ್ಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಸೊನ್ನೆಯನ್ನು ತೆಗೆದುಕೊಳ್ಳುತ್ತದೆ. ನಮ್ಮ ಉದಾಹರಣೆಯಲ್ಲಿ C ಕಾಲಂನ ಸರಾಸರಿ 6.53 ಎಂದೇ ಬಂದು, ಗೆರೆ ಮಾತ್ರ ನೆಲಕ್ಕೆ ಬಿದ್ದಿದ್ದರೆ ಒಳಗಿರುವುದು ಪಠ್ಯ. ಸರಾಸರಿಯೂ 4.35ಕ್ಕೆ ಇಳಿದಿದ್ದರೆ ಸೊನ್ನೆ.

ಪರಿಹಾರ ಚಿಕ್ಕದು. ಖಾಲಿ ಪಠ್ಯದ ಬದಲು, ಈ ಮೌಲ್ಯ ಲಭ್ಯವಿಲ್ಲ ಎಂದು ಹೇಳಲೆಂದೇ ಇರುವ `NA()` ಅನ್ನು ಬಳಸಬೇಕು:

```
=IF(B5="",NA(),B5)
```

ಸೆಲ್‌ನಲ್ಲಿ ಈಗ `#N/A` ಕಾಣುತ್ತದೆ. ಆಮೇಲೆ ಚಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ `Select Data` ತೆರೆದು, ಅದರೊಳಗಿನ `Hidden and Empty Cells` ಬಟನ್ ಒತ್ತಿ. `Show empty cells as` ಎಂಬಲ್ಲಿ `Gaps`, `Zero`, `Connect data points with line` ಎಂಬ ಮೂರು ಆಯ್ಕೆಗಳಿವೆ. `Gaps` ಆರಿಸಿ, ಕೆಳಗಿನ `Show #N/A as empty cell` ಎಂಬುದಕ್ಕೆ ಟಿಕ್ ಇದೆಯೇ ನೋಡಿಕೊಳ್ಳಿ. ಮಾರ್ಚ್‌ಗೂ ಜೂನ್‌ಗೂ ನಡುವೆ ಗೆರೆ ತುಂಡಾಗುತ್ತದೆ. ಹಳೆಯ ಎಕ್ಸೆಲ್‌ಗಳಲ್ಲಿ ಈ ಕೊನೆಯ ಆಯ್ಕೆ ಇಲ್ಲ. ಅವು `#N/A` ಇದ್ದ ಬಿಂದುವನ್ನು ಬಿಟ್ಟರೂ ಅಕ್ಕಪಕ್ಕದ ಬಿಂದುಗಳನ್ನು ಗೆರೆಯಿಂದ ಜೋಡಿಸಿಬಿಡುತ್ತವೆ. ಅಲ್ಲಿ ಗೆರೆ ತುಂಡಾಗಬೇಕಾದರೆ ಆ ಎರಡು ಸೆಲ್‌ಗಳ ಫಾರ್ಮುಲಾವನ್ನು ಕೈಯಾರೆ ಅಳಿಸುವುದೇ ದಾರಿ.

ಗೆರೆ ತುಂಡಾದೊಡನೆ ಇನ್ನೊಂದು ತೊಂದರೆ ತಲೆಹಾಕುತ್ತದೆ. ನಮ್ಮ ಪಟ್ಟಿ ಜೂನ್‌ಗೆ ಮುಗಿಯುತ್ತದೆ, ಅದರ ಹಿಂದಿನ ತಿಂಗಳು ಖಾಲಿ. ಎರಡು ಬಿಂದುಗಳಿಲ್ಲದೆ ಗೆರೆ ಹುಟ್ಟದು, ಹಾಗಾಗಿ ಒಂಟಿಯಾದ ಜೂನ್ ಚಾರ್ಟ್‌ನಿಂದಲೇ ಮಾಯವಾಗುತ್ತದೆ. ಗೊತ್ತಿಲ್ಲದ ತಿಂಗಳನ್ನು ತೆಗೆಯಲು ಹೋಗಿ ಗೊತ್ತಿರುವ ತಿಂಗಳನ್ನೂ ಕಳೆದುಕೊಂಡಂತಾಯಿತು. ಆದ್ದರಿಂದ ಜಾಗ ಬಿಡುವ ಚಾರ್ಟ್‌ಗೆ ಯಾವಾಗಲೂ `Line with Markers` ಬಗೆಯನ್ನೇ ಆರಿಸಿ, ಪ್ರತಿ ತಿಂಗಳಿಗೂ ಒಂದು ಚುಕ್ಕೆ ಇರಲಿ. ಖಾಲಿ ತಿಂಗಳ ಸಾಲನ್ನೇ ಹಾಳೆಯಿಂದ ತೆಗೆದುಹಾಕುವುದೂ ಪರಿಹಾರವಲ್ಲ. ತಿಂಗಳ ಹೆಸರನ್ನು ಪಠ್ಯವಾಗಿ ಬರೆದಿದ್ದರೆ ಮಾರ್ಚ್‌ನ ಪಕ್ಕದಲ್ಲೇ ಜೂನ್ ಬಂದು ಕೂರುತ್ತದೆ. ದಿನಾಂಕವಾಗಿ ಬರೆದಿದ್ದರೆ ನಡುವಿನ ದೂರ ಉಳಿದರೂ ಗೆರೆ ಅದನ್ನು ದಾಟಿ ಹೋಗುತ್ತದೆ. ಜಾಗ ಕಾಣಬೇಕಾದರೆ ತಿಂಗಳ ಸಾಲು ಇರಬೇಕು, ಅದರ ಮೌಲ್ಯ ಮಾತ್ರ ಇಲ್ಲದಿರಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ, `#N/A` ತುಂಬಿದ ಹಾಳೆ ನೋಡಲು ಚೆನ್ನಾಗಿರುವುದಿಲ್ಲ, ಸರಾಸರಿಯೂ ಕೆಡುತ್ತದೆ ಎಂಬುದು. ಎರಡೂ ನಿಜ. `AVERAGE`ನ ವ್ಯಾಪ್ತಿಯಲ್ಲಿ ಒಂದು `#N/A` ಇದ್ದರೂ ಉತ್ತರ `#N/A` ಆಗುತ್ತದೆ. ಆದರೆ C ಕಾಲಂ ಇರುವುದು ಚಾರ್ಟ್‌ಗಾಗಿ ಮಾತ್ರ ಎಂದು ಇಟ್ಟುಕೊಂಡು, ಸರಾಸರಿಯನ್ನು ಮೂಲ B ಕಾಲಂನಿಂದಲೇ ತೆಗೆದರೆ ಈ ತೊಡಕಿಲ್ಲ. C ಕಾಲಂನಿಂದಲೇ ಬೇಕೆಂದರೆ ದೋಷಗಳನ್ನು ಬಿಟ್ಟು ಸರಾಸರಿ ತೆಗೆಯುವ ದಾರಿಯೂ ಇದೆ:

```
=AGGREGATE(1,6,C2:C7)
```

ಇದು `#N/A` ಜೊತೆಗೆ ಬೇರೆ ನಿಜವಾದ ದೋಷಗಳನ್ನೂ ನುಂಗಿಬಿಡುವುದರಿಂದ ನನಗೆ ಮೊದಲ ದಾರಿಯೇ ಮೇಲೆನಿಸುತ್ತದೆ. ಅಂದದ ಪ್ರಶ್ನೆಗೆ ಉತ್ತರ ಸುಲಭ. `ISNA` ಷರತ್ತಿನ ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಆ ಅಕ್ಷರಗಳಿಗೆ ತಿಳಿ ಬೂದು ಬಣ್ಣ ಕೊಟ್ಟರೆ ಸಾಕು. ಪೂರ್ತಿ ಬಿಳಿ ಬಣ್ಣ ಬೇಡ. ಇಲ್ಲಿ ಮಾಹಿತಿ ಇಲ್ಲ ಎಂಬುದು ಹಾಳೆ ಓದುವವರಿಗೂ ತಿಳಿಯಬೇಕಾದ ಮಾಹಿತಿಯೇ.

ಎರಡನೆಯ ಆಕ್ಷೇಪ ಇದಕ್ಕಿಂತ ತೂಕದ್ದು. ಸೊನ್ನೆ ಬೇಡ, ಸರಿ. ಆದರೆ ಜಾಗ ಬಿಟ್ಟರೆ ಓದುಗರು ಗಲಿಬಿಲಿಗೊಳ್ಳುತ್ತಾರೆ, ಅಕ್ಕಪಕ್ಕದ ಬಿಂದುಗಳನ್ನು ಜೋಡಿಸಿದರೆ ಏನು ಕೆಟ್ಟಿತು ಎಂದು ಕೇಳುವವರಿದ್ದಾರೆ. ನಮ್ಮ ಉದಾಹರಣೆಯಲ್ಲೇ ಇದನ್ನು ಪರೀಕ್ಷಿಸಬಹುದು. ಮಾರ್ಚ್‌ನ 5.84ರಿಂದ ಜೂನ್‌ನ 6.09ಕ್ಕೆ ನೇರ ಗೆರೆ ಎಳೆದರೆ ಅದು ಏಪ್ರಿಲ್‌ನಲ್ಲಿ ಸುಮಾರು 5.92ರ ಮೇಲೆ, ಮೇ ತಿಂಗಳಲ್ಲಿ 6.01ರ ಮೇಲೆ ಹಾದುಹೋಗುತ್ತದೆ. ಅದೇ ವರ್ಷದ ಜುಲೈನಲ್ಲಿ ಸಾಂಖ್ಯಿಕ ಕಚೇರಿ ಜೂನ್ ಅಂಕಿಯ ಜೊತೆಗೆ ಆ ಎರಡು ತಿಂಗಳ ಅಂದಾಜನ್ನೂ ಹೊರತಂದಿತು: ಏಪ್ರಿಲ್ 7.22, ಮೇ 6.27. ನೇರ ಗೆರೆ ಏಪ್ರಿಲ್ ಮಿತಿಯೊಳಗಿತ್ತು ಎಂದರೆ, ಕಚೇರಿಯ ಅಂದಾಜು ಮಿತಿಯನ್ನು ಚೆನ್ನಾಗಿಯೇ ದಾಟಿತ್ತು ಎನ್ನುತ್ತದೆ. ಗೆರೆಗೆ ಗೊತ್ತಿರುವುದು ಎರಡು ತುದಿಗಳು ಮಾತ್ರ, ನಡುವೆ ನಡೆದದ್ದಲ್ಲ. ಕಚೇರಿಯ ಆ ಅಂದಾಜನ್ನು ಕೂಡ ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿ ಅಳೆದ ಅಂಕಿಯಂತೆ ಸ್ವೀಕರಿಸಲಿಲ್ಲ. 2020ರ ಆಗಸ್ಟ್‌ನ ತನ್ನ ನಿರ್ಣಯದಲ್ಲಿ, ನೀತಿ ರೂಪಿಸುವ ಮಟ್ಟಿಗೆ ಏಪ್ರಿಲ್ ಮತ್ತು ಮೇ ತಿಂಗಳನ್ನು ಸರಣಿಯಲ್ಲಿನ ಒಂದು ತುಂಡರಿಕೆ ಎಂದು ಪರಿಗಣಿಸಬಹುದು ಎಂದಿತು. ಹಣದುಬ್ಬರದ ಸರಾಸರಿ ಸತತ ಮೂರು ತ್ರೈಮಾಸಿಕ ಮಿತಿ ಮೀರಿದರೆ ರಿಸರ್ವ್ ಬ್ಯಾಂಕ್ ಸರ್ಕಾರಕ್ಕೆ ಕಾರಣ ಕೊಡಬೇಕಾಗುವ ನಿಯಮವಿರುವಾಗ, ಒಂದು ತಿಂಗಳನ್ನು ಎಣಿಸಬೇಕೇ ಬಿಡಬೇಕೇ ಎಂಬುದು ಚಾರ್ಟ್‌ನ ಅಲಂಕಾರದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಹಾಗೆಂದು ಅಂದಾಜನ್ನು ತೋರಿಸಲೇಬಾರದು ಎಂದು ನಾನು ಹೇಳುತ್ತಿಲ್ಲ. ಅದು ಅಂದಾಜು ಎಂದು ಕಾಣುವಂತೆ ತೋರಿಸಬೇಕು. D ಕಾಲಂನಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ 5.84, 7.22, 6.27, 6.09 ಬರೆದು, ಜನವರಿ ಮತ್ತು ಫೆಬ್ರುವರಿಯನ್ನು ನಿಜಕ್ಕೂ ಖಾಲಿ ಬಿಟ್ಟು, ಎರಡನೆಯ ಸರಣಿಯಾಗಿ ಸೇರಿಸಿ. ಅದರ ಗೆರೆಗೆ ಬೂದು ಬಣ್ಣ ಕೊಟ್ಟು `Dash type`ನಲ್ಲಿ ತುಂಡು ಗೆರೆ ಆರಿಸಿ, ಹೆಸರನ್ನು ಅಂದಾಜು ಎಂದು ಇಡಿ. ಅಳೆದದ್ದು ಗಟ್ಟಿ ಗೆರೆಯಲ್ಲಿ, ಊಹಿಸಿದ್ದು ತುಂಡು ಗೆರೆಯಲ್ಲಿ ಬಂದಾಗ ಗಲಿಬಿಲಿಗೆ ಕಾರಣವೇ ಉಳಿಯುವುದಿಲ್ಲ.

ಕೊನೆಯ ಆಕ್ಷೇಪ, ಎಷ್ಟೋ ಕಡೆ ಸೊನ್ನೆಯೇ ಸತ್ಯವಲ್ಲವೇ ಎಂಬುದು. ಖಂಡಿತ ಹೌದು. ಬೇಸಿಗೆಯ ತಿಂಗಳೊಂದರಲ್ಲಿ ಮಳೆಮಾಪಕದಲ್ಲಿ ಹನಿಯೂ ಬೀಳದಿದ್ದರೆ ಅಲ್ಲಿ ಬರೆಯಬೇಕಾದದ್ದು ಸೊನ್ನೆ, ಗೆರೆ ನೆಲ ಮುಟ್ಟಲೇಬೇಕು. ಮಾಪಕ ಕೆಟ್ಟು ನಿಂತಿದ್ದರೆ ಮಾತ್ರ ಅದು ಖಾಲಿ. ದಿನವಹಿ ದಾಖಲೆಯಿಂದ ತಿಂಗಳ ಮೊತ್ತ ತೆಗೆಯುವ `SUMIFS`ಗೆ ಈ ವ್ಯತ್ಯಾಸ ಗೊತ್ತಿಲ್ಲ. ಮಳೆ ಬಾರದ ತಿಂಗಳಿಗೂ ದಾಖಲೆಯೇ ಇಲ್ಲದ ತಿಂಗಳಿಗೂ ಅದು ಸೊನ್ನೆಯನ್ನೇ ಕೊಡುತ್ತದೆ. A ಕಾಲಂನಲ್ಲಿ ತಿಂಗಳು, B ಕಾಲಂನಲ್ಲಿ ಮಳೆ, E2 ಸೆಲ್‌ನಲ್ಲಿ ಮೊತ್ತ ಬೇಕಾದ ತಿಂಗಳು ಇದ್ದರೆ, ಮೊದಲು ದಾಖಲೆ ಇದೆಯೇ ಎಂದು ಎಣಿಸಿ ಆಮೇಲೆ ಮೊತ್ತ ಕೇಳಬೇಕು:

```
=IF(COUNTIFS(A:A,E2,B:B,">=0")=0,
   NA(),SUMIFS(B:B,A:A,E2))
```

ಮಳೆ ಬಾರದ ದಿನಕ್ಕೂ ಒಂದು ಸೊನ್ನೆ ಬರೆದಿಟ್ಟಿದ್ದರೆ ಮಾತ್ರ ಈ ಫಾರ್ಮುಲಾ ಸರಿಯಾದ ಉತ್ತರ ಕೊಡುತ್ತದೆ. ಅದರ ಮಿತಿಯೂ ಅಲ್ಲೇ ಇದೆ. ಮಾಪಕ ನೋಡಿ ಏನೂ ಇಲ್ಲವೆಂದು ಕಂಡವರು ಸೊನ್ನೆ ಬರೆಯಬೇಕು, ನೋಡಲಾಗದವರು ಸೆಲ್ಲನ್ನು ಖಾಲಿ ಬಿಟ್ಟು ಪಕ್ಕದ ಕಾಲಂನಲ್ಲಿ ಕಾರಣ ಬರೆಯಬೇಕು. ದಾಖಲಿಸುವವರೇ ಆ ಎರಡನ್ನು ಬೇರ್ಪಡಿಸದೆ ಬಿಟ್ಟರೆ ಆಮೇಲೆ ಎಕ್ಸೆಲ್‌ನ ಯಾವ ಫಾರ್ಮುಲಾವೂ ಯಾವ ಆಯ್ಕೆಯೂ ಅವನ್ನು ಬೇರ್ಪಡಿಸಲಾರದು.