ಒಂದು ‘Hi’ಗೆ ಇಷ್ಟುದ್ದ ಪಟ್ಟಿಯಾ?

ಬ್ಯಾಂಕಿನ ವಾಟ್ಸಾಪ್ ನಂಬರಿಗೆ ‘Hi’ ಅಂತ ಕಳಿಸಿದರೆ ಬ್ಯಾಲೆನ್ಸ್, ಎಫ್‌ಡಿ, ಫಾಸ್ಟ್ಯಾಗ್, ಸಾಲ ಅಂತ ಉದ್ದದ ಪಟ್ಟಿ ಬಂದು ಬೀಳುತ್ತೆ. ಅಭ್ಯಾಸ ಇದ್ದೋರು ಬೇಕಾದ್ದನ್ನು ಹೆಕ್ಕಿಕೊಳ್ತಾರೆ. ಕಾರ್ಡ್ ಕಳೆದುಕೊಂಡು ಮೊದಲ ಸಲ ಬಂದವರಿಗೆ ಹಾಗಲ್ಲ. ಬ್ಲಾಕ್ ಮಾಡೋದು ‘ಕಾರ್ಡ್ಸ್’ನಲ್ಲಿದೆಯೋ ‘ಸರ್ವೀಸ್ ರಿಕ್ವೆಸ್ಟ್’ನಲ್ಲೋ? ಯಾವುದನ್ನು ಬಿಡಬಹುದು ಅಂತ ತಿಳಿಯೋಕೇ ಎಲ್ಲವನ್ನೂ ಓದಬೇಕು. ಮನಸ್ಸು ಒಮ್ಮೆಗೆ ಹಿಡಿದಿಡೋದು ನಾಲ್ಕೈದು ಸಂಗತಿ. ಕೊನೆಯ ಸಾಲಿಗೆ ಬರೋಷ್ಟರಲ್ಲಿ ಮೊದಲನೆಯದು ಮರೆತಿರುತ್ತೆ. ಮತ್ತೆ ‘Hi’ ಅಂತಾರೆ, ಮತ್ತೆ ಅದೇ ಪಟ್ಟಿ. ಪಟ್ಟಿ ಸೋತಿದೆ ಅನ್ನೋದಕ್ಕೆ ಈ ಎರಡನೇ ‘Hi’ಯೇ ಗುರುತು. ವಾಟ್ಸಾಪ್ ಒಂದು ಸಂದೇಶಕ್ಕೆ ಮೂರು ಉತ್ತರದ ಬಟನ್ ಕೊಡುತ್ತೆ. ‘ಬ್ಯಾಲೆನ್ಸ್’, ‘ಕಾರ್ಡ್ ಕಳೆದಿದೆ’, ‘ಬೇರೆ ಕೆಲಸ’. ಮೊದಲ ನಮಸ್ಕಾರಕ್ಕೆ ಇಷ್ಟು ಸಾಕು.